ಮಂಗಳನಿಗೆ ಹೊರಡುವ ದಿನ: ಉಡಾವಣಾ ಅವಧಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಮನೆಯ ಮಾಳಿಗೆಯಲ್ಲಿ ಒಂದು ಸಣ್ಣ ದೂರದರ್ಶಕ ಇಟ್ಟುಕೊಂಡು ಆಸಕ್ತರಿಗೆ ಆಕಾಶ ತೋರಿಸುವುದು ನನ್ನ ರೂಢಿಯಾಗಿದೆ. ಮಂಗಳ ಗ್ರಹ ಕಣ್ಣಿಗೆ ಬಿದ್ದ ಕೂಡಲೇ ಮಾತು ಮಂಗಳಯಾನದ ಕಡೆಗೆ ಹೊರಳುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಬಾಗಲಕೋಟೆ, ಬೆಳಗಾವಿ ಕಡೆಯ ಹಳೆಯ ವಿದ್ಯಾರ್ಥಿಗಳು ಪತ್ರದಲ್ಲಿ ಕೇಳುವುದೂ ಬಹುತೇಕ ಇವುಗಳನ್ನೇ. ಅಂಥವನ್ನು ಇಲ್ಲಿ ಒಟ್ಟುಗೂಡಿಸಿ, ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡು ಉತ್ತರಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಮಂಗಳನನ್ನೇ, ಅದರಲ್ಲಿಯೂ 2013ರ ಮಂಗಳಯಾನವನ್ನೇ ಆಯ್ದುಕೊಂಡಿದ್ದೇನೆ. ಅದರ ಅಂಕಿಗಳನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಬಹುದು.

## ಮೊದಲ ಪ್ರಶ್ನೆಗಳು

ಲಾಂಚ್ ವಿಂಡೋ ಅಂದರೆ ಏನು? ರಾಕೆಟ್ ಸಿದ್ಧವಾದ ದಿನ ಹಾರಿಸಿದರೆ ಆಗುವುದಿಲ್ಲವೇ?

ನಿಗದಿತ ರಾಕೆಟ್ಟು ನಿಗದಿತ ತೂಕದ ನೌಕೆಯನ್ನು ತನ್ನಲ್ಲಿರುವ ಇಂಧನದಲ್ಲಿಯೇ ಗುರಿ ಮುಟ್ಟಿಸಲು ಸಾಧ್ಯವಿರುವ ದಿನಗಳ ಸಾಲಿಗೆ ಉಡಾವಣಾ ಅವಧಿ ಅಥವಾ ಲಾಂಚ್ ವಿಂಡೋ ಎನ್ನುತ್ತಾರೆ. ಮಂಗಳನ ಮಟ್ಟಿಗೆ ಈ ಸಾಲು ಸಾಮಾನ್ಯವಾಗಿ ಕೆಲವು ವಾರಗಳಷ್ಟೇ ಉದ್ದವಾಗಿರುತ್ತದೆ ಮತ್ತು ಸುಮಾರು 26 ತಿಂಗಳಿಗೊಮ್ಮೆ ಮರಳಿ ಬರುತ್ತದೆ. ಅವಧಿಯೊಳಗಿನ ಒಂದೊಂದು ದಿನವೂ ಇಡೀ ದಿನ ಹಾರಿಸಲು ಬರುವುದಿಲ್ಲ. ಆ ದಿನದ ಕೆಲವು ನಿಮಿಷಗಳು, ಹೆಚ್ಚೆಂದರೆ ಒಂದೆರಡು ಗಂಟೆಗಳು ಮಾತ್ರ ಒದಗುತ್ತವೆ. ಈ ಎರಡು ಮಿತಿಗಳಿಗೂ ಪತ್ರಿಕೆಗಳು ವಿಂಡೋ ಎಂಬ ಒಂದೇ ಹೆಸರನ್ನು ಬಳಸುವುದರಿಂದ ಗೊಂದಲವಾಗುತ್ತದೆ. ದಿನಗಳನ್ನು ಗ್ರಹಗಳ ಸ್ಥಾನ ಗೊತ್ತುಮಾಡಿದರೆ, ನಿಮಿಷಗಳನ್ನು ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದು ಗೊತ್ತುಮಾಡುತ್ತದೆ.

ಬಾಣ ಬಿಟ್ಟ ಹಾಗೆ ನೇರವಾಗಿ ಮಂಗಳನ ಕಡೆಗೆ ಯಾಕೆ ಹೋಗಬಾರದು?

ಭೂಮಿಯನ್ನು ಬಿಟ್ಟ ನೌಕೆ ನಿಂತಲ್ಲಿಂದ ಹೊರಡುವುದಿಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 29.8 ಕಿ.ಮೀ. ವೇಗದಲ್ಲಿ ಓಡುತ್ತಿದೆ; ಅದರ ಮೇಲಿರುವ ನಾವು, ನಮ್ಮ ರಾಕೆಟ್ಟು ಎಲ್ಲವೂ ಆ ವೇಗದಲ್ಲಿಯೇ ಇದ್ದೇವೆ. ಸೂರ್ಯನಿಂದ ಹೊರಮುಖವಾಗಿ ನೇರ ಗೆರೆ ಎಳೆದಂತೆ ಹೋಗಬೇಕಾದರೆ ಮೊದಲು ಈ ಅಡ್ಡ ವೇಗವನ್ನು ಪೂರ್ತಿ ಅಳಿಸಬೇಕು. ಅದಕ್ಕೆ ಬೇಕಾಗುವ ಇಂಧನವನ್ನು ಹೊತ್ತು ಮೇಲೇಳುವ ರಾಕೆಟ್ಟು ಇಂದಿಗೂ ಇಲ್ಲ.

ಆದ್ದರಿಂದ ಜಾಣತನ ಇರುವುದು ಆ ವೇಗವನ್ನು ಬಳಸಿಕೊಳ್ಳುವುದರಲ್ಲಿ. ಭೂಮಿ ಓಡುತ್ತಿರುವ ದಿಕ್ಕಿನಲ್ಲಿಯೇ ನೌಕೆಗೆ ಸೆಕೆಂಡಿಗೆ ಸುಮಾರು 2.9 ಕಿ.ಮೀ. ವೇಗವನ್ನು ಹೆಚ್ಚಿಸಿ ಕೊಟ್ಟರೆ, ಅದು ಸೂರ್ಯನ ಸುತ್ತಲೇ ಇನ್ನೂ ದೊಡ್ಡದಾದ ಒಂದು ದೀರ್ಘವೃತ್ತದಲ್ಲಿ ಸಾಗತೊಡಗುತ್ತದೆ. ಆ ದೀರ್ಘವೃತ್ತದ ಒಳತುದಿ ಭೂಮಿಯ ಕಕ್ಷೆಯನ್ನು ಮುಟ್ಟುತ್ತದೆ, ಹೊರತುದಿ ಮಂಗಳನ ಕಕ್ಷೆಯನ್ನು ಮುಟ್ಟುತ್ತದೆ. ಜರ್ಮನಿಯ ವಾಲ್ಟರ್ ಹೋಮಾನ್ 1925ರಲ್ಲಿ ಇದನ್ನು ಗಣಿತದ ಮೂಲಕ ವಿವರಿಸಿದ್ದರಿಂದ ಈ ಹಾದಿಗೆ ಅವರದೇ ಹೆಸರು ಬಂದಿದೆ. ಇಂಥ ಹಾದಿಯಲ್ಲಿ ಎಂಜಿನ್ನು ಉರಿಯುವುದು ಹೊರಡುವಾಗ ಮತ್ತು ಮುಟ್ಟುವಾಗ ಮಾತ್ರ. ನಡುವೆ ಸಣ್ಣ ತಿದ್ದುಪಡಿಗಳನ್ನು ಬಿಟ್ಟರೆ ತಿಂಗಳುಗಟ್ಟಲೆ ನೌಕೆ ತೇಲುತ್ತಲೇ ಹೋಗುತ್ತದೆ.

ಮಂಗಳ ಹತ್ತಿರ ಬಂದ ದಿನಾನ ರಾಕೆಟ್ ಬಿಟ್ಟರ ಲಗೂ ಮುಟ್ಟೂದಿಲ್ಲೇನ್ರಿ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು, ಮತ್ತು ಬಹಳ ಸಹಜವಾದ ತಪ್ಪು ಕಲ್ಪನೆ ಅಡಗಿರುವುದೂ ಇದರಲ್ಲಿಯೇ. ಸೂರ್ಯ, ಭೂಮಿ, ಮಂಗಳ ಈ ಕ್ರಮದಲ್ಲಿ ಒಂದೇ ಗೆರೆಯಲ್ಲಿ ನಿಲ್ಲುವುದನ್ನು ವಿಯುತಿ ಎನ್ನುತ್ತಾರೆ; ಆಸುಪಾಸಿನ ದಿನಗಳಲ್ಲಿ ಮಂಗಳ ನಮಗೆ ತೀರ ಹತ್ತಿರವಿರುತ್ತದೆ. ಆ ದಿನವೇ ಹೋಮಾನ್ ಹಾದಿ ಹಿಡಿದು ಹೊರಟೆವು ಎಂದುಕೊಳ್ಳೋಣ. ಸುಮಾರು 259 ದಿನಗಳಲ್ಲಿ ನೌಕೆ ಸೂರ್ಯನ ಸುತ್ತ ಅರ್ಧ ಸುತ್ತು, ಅಂದರೆ 180 ಡಿಗ್ರಿ ಸಾಗಿ ಮಂಗಳನ ಕಕ್ಷೆಯನ್ನೇನೋ ಮುಟ್ಟುತ್ತದೆ. ಆದರೆ ಅಷ್ಟೇ ದಿನಗಳಲ್ಲಿ ಮಂಗಳ ನಡೆದಿರುವುದು ಸುಮಾರು 136 ಡಿಗ್ರಿ ಮಾತ್ರ. ನೌಕೆ ಬಂದು ನೋಡಿದರೆ ಅಲ್ಲಿ ಮಂಗಳವಿಲ್ಲ. ಅದು ಸುಮಾರು 17 ಕೋಟಿ ಕಿ.ಮೀ. ಹಿಂದೆ ಉಳಿದಿರುತ್ತದೆ.

ಹೀಗಾಗಿ ಲೆಕ್ಕದಲ್ಲಿ ಮುಖ್ಯವಾಗುವುದು ಹೊರಡುವ ದಿನ ಮಂಗಳ ಎಷ್ಟು ದೂರದಲ್ಲಿದೆ ಎಂಬುದಲ್ಲ, ನೌಕೆ ಮುಟ್ಟುವ ದಿನ ಮಂಗಳ ಆ ಜಾಗಕ್ಕೆ ಬಂದಿರುತ್ತದೆಯೋ ಇಲ್ಲವೋ ಎಂಬುದು. ಮಂಗಳಯಾನ ಭೂಮಿಯ ಹಿಡಿತ ಬಿಟ್ಟು ಹೊರಟ 2013ರ ಡಿಸೆಂಬರ್ 1ರಂದು ಮಂಗಳ ನಮ್ಮಿಂದ ಸುಮಾರು 25 ಕೋಟಿ ಕಿ.ಮೀ. ದೂರದಲ್ಲಿತ್ತು. 2014ರ ಏಪ್ರಿಲ್‌ನಲ್ಲಿ ಮಂಗಳ ಸುಮಾರು 9.2 ಕೋಟಿ ಕಿ.ಮೀ. ಸಮೀಪಕ್ಕೆ ಬಂದಾಗ ನೌಕೆ ಇನ್ನೂ ನಡುದಾರಿಯಲ್ಲಿತ್ತು. ಅದು ಮಂಗಳನನ್ನು ಮುಟ್ಟಿದ ಸೆಪ್ಟೆಂಬರ್ 24ರಂದು ದೂರ ಮತ್ತೆ 22 ಕೋಟಿ ಕಿ.ಮೀ. ದಾಟಿತ್ತು. ತೀರ ಸಮೀಪವಾದ ದಿನವನ್ನು ಹೊರಡುವುದಕ್ಕೂ ಬಳಸಲಿಲ್ಲ, ಮುಟ್ಟುವುದಕ್ಕೂ ಬಳಸಲಿಲ್ಲ.

ಇದು ಪಂಚಾಂಗದಲ್ಲಿ ಮುಹೂರ್ತ ನೋಡಿದ ಹಾಗೆಯೇ ಅಲ್ಲವೇ? ಗ್ರಹಗಳೆಲ್ಲ ಒಂದೇ ಸಾಲಿಗೆ ಬರಬೇಕೇ?

ಸಾಲಿಗೆ ಬರಬೇಕಾಗಿಲ್ಲ. ಪಂಚಾಂಗ ಹೇಳುವುದು ಭೂಮಿಯಲ್ಲಿ ನಿಂತು ನೋಡಿದಾಗ ಗ್ರಹ ಯಾವ ರಾಶಿಯಲ್ಲಿ ಕಾಣುತ್ತದೆ ಎಂಬುದನ್ನು. ಉಡಾವಣೆಯ ಲೆಕ್ಕಕ್ಕೆ ಬೇಕಾದದ್ದು ಸೂರ್ಯನಲ್ಲಿ ನಿಂತು ನೋಡಿದಾಗ ಎರಡು ಗ್ರಹಗಳ ನಡುವೆ ಇರುವ ಕೋನ. 1962ರ ಫೆಬ್ರುವರಿಯ ಅಷ್ಟಗ್ರಹಕೂಟದಲ್ಲಿ ಗ್ರಹಗಳು ಆಕಾಶದ ಒಂದೇ ಭಾಗದಲ್ಲಿ ಒತ್ತೊತ್ತಾಗಿ ಕಂಡವು, ಊರೂರುಗಳಲ್ಲಿ ಹೋಮ ಹವನಗಳೂ ನಡೆದವು. ಆದರೆ ಮಂಗಳನಿಗೆ ನೌಕೆ ಕಳಿಸಲು ಆ ಕೂಟದಿಂದ ಯಾವ ಅನುಕೂಲವೂ ಇರಲಿಲ್ಲ. ಗ್ರಹಗಳ ಹೊಂದಾಣಿಕೆ ಎಂಬ ಮಾತನ್ನು ಇಲ್ಲಿ ತಕ್ಕ ಕೋನ ಎಂದು ಓದಿಕೊಂಡರೆ ಸಾಕು.

## ಲೆಕ್ಕದ ಪ್ರಶ್ನೆಗಳು

26 ತಿಂಗಳಿಗೊಮ್ಮೆ ಎನ್ನುತ್ತಾರೆ, ಈ ಅಂಕಿ ಎಲ್ಲಿಂದ ಬಂತು?

ನಮ್ಮ ಕಡೆ ಹಂತಿ ಹೊಡೆಯುವುದನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಕಣದ ನಡುವಿನ ಮೇಟಿಗೆ ಎತ್ತುಗಳನ್ನು ಒಂದರ ಪಕ್ಕ ಒಂದರಂತೆ ಹಗ್ಗದಿಂದ ಬಿಗಿದು ತಿರುಗಿಸುವಾಗ, ಮೇಟಿಯ ಪಕ್ಕದ ಎತ್ತು ಮೆಲ್ಲಗೆ ಹೆಜ್ಜೆಯಿಡುತ್ತದೆ, ಹೊರಗಿನ ಎತ್ತು ಬಿರುಸಾಗಿ ನಡೆಯುತ್ತದೆ, ಸಾಲು ಮಾತ್ರ ಕೆಡುವುದಿಲ್ಲ. ಗ್ರಹಗಳ ನಡುವೆ ಅಂಥ ಹಗ್ಗವಿಲ್ಲ. ಅಷ್ಟೇ ಅಲ್ಲ, ಅವುಗಳ ನಡಿಗೆ ಹಂತಿಗೆ ತೀರ ವಿರುದ್ಧ: ಸೂರ್ಯನಿಗೆ ಹತ್ತಿರವಿರುವುದು ಬಿರುಸಾಗಿ ಓಡುತ್ತದೆ, ದೂರವಿರುವುದು ನಿಧಾನವಾಗಿ ಸಾಗುತ್ತದೆ. ಹಂತಿಯ ಎತ್ತುಗಳಂತೆ ಭೂಮಿ ಮತ್ತು ಮಂಗಳ ಒಂದೇ ಸಾಲಿನಲ್ಲಿ ಸುತ್ತುವಂತಿದ್ದರೆ ಅವುಗಳ ನಡುವಿನ ಕೋನ ಎಂದಿಗೂ ಬದಲಾಗುತ್ತಿರಲಿಲ್ಲ, ಆಗ ಉಡಾವಣಾ ಅವಧಿ ಎಂಬುದು ಸದಾ ತೆರೆದಿರುತ್ತಿತ್ತು, ಇಲ್ಲವೆ ಎಂದಿಗೂ ತೆರೆಯುತ್ತಿರಲಿಲ್ಲ.

ಭೂಮಿ ಒಂದು ಸುತ್ತನ್ನು 365.25 ದಿನಗಳಲ್ಲಿ ಮುಗಿಸುತ್ತದೆ, ಮಂಗಳ 687 ದಿನ ತೆಗೆದುಕೊಳ್ಳುತ್ತದೆ. ದಿನಕ್ಕೆ ಭೂಮಿ 0.986 ಡಿಗ್ರಿ ನಡೆದರೆ ಮಂಗಳ ಸರಾಸರಿ 0.524 ಡಿಗ್ರಿ ನಡೆಯುತ್ತದೆ. ಅಂದರೆ ದಿನವೊಂದಕ್ಕೆ ಭೂಮಿ 0.462 ಡಿಗ್ರಿಯಷ್ಟು ಮುಂದೆ ಹೋಗುತ್ತದೆ. ಒಮ್ಮೆ ಇದ್ದ ಕೋನ ಮತ್ತೆ ಬರಬೇಕಾದರೆ ಭೂಮಿ ಮಂಗಳಕ್ಕಿಂತ ಪೂರ್ತಿ ಒಂದು ಸುತ್ತು ಹೆಚ್ಚು ತಿರುಗಿರಬೇಕು:

```
1 / (1/365.25 − 1/687) ≈ 780 ದಿನ
```

780 ದಿನಗಳೆಂದರೆ 26 ತಿಂಗಳಿಗೆ ಸ್ವಲ್ಪ ಕಡಿಮೆ. ಶುಕ್ರನಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 584 ದಿನ, ಅಂದರೆ 19 ತಿಂಗಳು ಬರುತ್ತದೆ. ಗುರು ಗ್ರಹಕ್ಕೆ ಸುಮಾರು 399 ದಿನ. ಅದು ತೀರ ನಿಧಾನವಾಗಿ ಸುತ್ತುವುದರಿಂದ ಭೂಮಿ ಒಂದು ವರ್ಷಕ್ಕಿಂತ ತುಸು ಹೆಚ್ಚು ಸಮಯದಲ್ಲಿ ಅದೇ ಕೋನಕ್ಕೆ ಮರಳಿರುತ್ತದೆ. ನಿಧಾನ ಗ್ರಹಗಳಿಗೆ ಅವಧಿ ಬೇಗ ಬೇಗ ಬರುತ್ತದೆ ಎಂಬುದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ.

ಹೊರಡುವಾಗ ಮಂಗಳ ಎಲ್ಲಿರಬೇಕು ಎಂಬುದನ್ನು ನಾವೇ ಲೆಕ್ಕ ಹಾಕಬಹುದೇ?

ಹಾಕಬಹುದು, ಕೆಪ್ಲರನ ಮೂರನೆಯ ನಿಯಮ ಗೊತ್ತಿದ್ದರೆ ಸಾಕು. ಭೂಮಿ–ಸೂರ್ಯರ ದೂರವನ್ನು 1 ಎಂದುಕೊಂಡರೆ ಮಂಗಳನ ಸರಾಸರಿ ದೂರ 1.524. ಹೋಮಾನ್ ಹಾದಿಯ ಉದ್ದನೆಯ ಅಕ್ಷದ ಅರ್ಧ ಇವೆರಡರ ಸರಾಸರಿ, ಅಂದರೆ 1.262. ಇದರ ಘನದ ವರ್ಗಮೂಲ ಸುಮಾರು 1.418, ಅಷ್ಟು ವರ್ಷಗಳಲ್ಲಿ ಆ ದೀರ್ಘವೃತ್ತದ ಒಂದು ಸುತ್ತು ಮುಗಿಯುತ್ತದೆ. ನಮಗೆ ಬೇಕಾದದ್ದು ಅರ್ಧ ಸುತ್ತು, ಅಂದರೆ 259 ದಿನ.

ಈ 259 ದಿನಗಳಲ್ಲಿ ಮಂಗಳ 0.524ರಂತೆ ಸುಮಾರು 136 ಡಿಗ್ರಿ ನಡೆಯುತ್ತದೆ. ನೌಕೆ 180 ಡಿಗ್ರಿ ನಡೆಯುತ್ತದೆ. ಇಬ್ಬರೂ ಒಂದೇ ಜಾಗದಲ್ಲಿ ಕೂಡಬೇಕಾದರೆ ಹೊರಡುವ ದಿನ ಮಂಗಳ ಭೂಮಿಗಿಂತ 44 ಡಿಗ್ರಿ ಮುಂದಿರಬೇಕು. ದಿನಕ್ಕೆ 0.462 ಡಿಗ್ರಿಯಂತೆ ಭೂಮಿ ಈ ಅಂತರವನ್ನು ಮುಚ್ಚಲು ಸುಮಾರು 96 ದಿನ ಬೇಕಾಗುವುದರಿಂದ, ಆದರ್ಶ ಹೊರಡುವ ದಿನ ವಿಯುತಿಗಿಂತ ಸುಮಾರು ಮೂರು ತಿಂಗಳು ಮೊದಲು ಬರುತ್ತದೆ. ಮುಂದಿನ ವಿಯುತಿ 2027ರ ಫೆಬ್ರುವರಿ 19ಕ್ಕೆ ಇದೆ. 96 ದಿನ ಹಿಂದಕ್ಕೆ ಎಣಿಸಿದರೆ 2026ರ ನವೆಂಬರ್ ನಡುಭಾಗ ಸಿಗುತ್ತದೆ. ಆಮೇಲಿನ ವಿಯುತಿ 2029ರ ಮಾರ್ಚ್ 25ಕ್ಕೆ, ಅದಕ್ಕೆ ತಕ್ಕ ಹೊರಡುವ ಕಾಲ 2028ರ ಡಿಸೆಂಬರ್.

ಇಷ್ಟು ಸರಳ ಲೆಕ್ಕ ಎರಡೂ ಕಕ್ಷೆಗಳು ದುಂಡಗಿವೆ ಮತ್ತು ಒಂದೇ ಮಟ್ಟದಲ್ಲಿವೆ ಎಂದು ನಂಬಿ ಹಾಕಿದ್ದು. ಎರಡೂ ನಿಜವಲ್ಲ. ತರಗತಿಯಲ್ಲಿ ನಾನೇ ಒಮ್ಮೆ ಈ 96 ದಿನಗಳ ಲೆಕ್ಕವನ್ನು ಮಂಗಳಯಾನಕ್ಕೆ ಹೊಂದಿಸಲು ಹೋಗಿ, 2014ರ ಏಪ್ರಿಲ್ 8ರ ವಿಯುತಿಯಿಂದ ಹಿಂದಕ್ಕೆ ಎಣಿಸಿ ಜನವರಿ ಎಂದು ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ನೌಕೆ ಡಿಸೆಂಬರ್ 1ಕ್ಕೇ ಹೊರಟಿದೆಯಲ್ಲ ಸರ್ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಅವನ ಪ್ರಶ್ನೆಗೆ ಉತ್ತರ ಮುಂದಿನ ಭಾಗದಲ್ಲಿದೆ.

## ಮಂಗಳಯಾನವನ್ನು ಕುರಿತು

ಲೆಕ್ಕದಲ್ಲಿ 259 ದಿನ ಬಂದರೆ ಮಂಗಳಯಾನ 298 ದಿನ ಏಕೆ ತೆಗೆದುಕೊಂಡಿತು?

ಏಕೆಂದರೆ ಅದು ಹಿಡಿದದ್ದು ಸರಿಯಾಗಿ ಅರ್ಧ ಸುತ್ತಿನ ಹಾದಿಯಲ್ಲ. ಸೂರ್ಯನಿಂದ ನೋಡಿದಂತೆ ಕೋನಗಳನ್ನು ಎಣಿಸಿದರೆ, ಹೊರಟ ದಿನ ಮಂಗಳ ಭೂಮಿಗಿಂತ ಸುಮಾರು 73 ಡಿಗ್ರಿ ಮುಂದಿತ್ತು. 298 ದಿನಗಳಲ್ಲಿ ಅದು ಮತ್ತೆ ಸುಮಾರು 145 ಡಿಗ್ರಿ ನಡೆಯಿತು. ಎರಡನ್ನೂ ಕೂಡಿದರೆ ನೌಕೆ ಸಾಗಿದ ಕೋನ ಸುಮಾರು 218 ಡಿಗ್ರಿ, ಅಂದರೆ ಅರ್ಧ ಸುತ್ತಿಗಿಂತ 38 ಡಿಗ್ರಿ ಹೆಚ್ಚು. ಅರ್ಧ ಸುತ್ತಿಗಿಂತ ಕಡಿಮೆ ಸಾಗುವ ಹಾದಿಯನ್ನು ಒಂದನೆಯ ಬಗೆ ಎಂದೂ, ಹೆಚ್ಚು ಸಾಗುವುದನ್ನು ಎರಡನೆಯ ಬಗೆ ಎಂದೂ ಕರೆಯುತ್ತಾರೆ; ಮಂಗಳಯಾನ ಎರಡನೆಯ ಬಗೆಯದು.

ಸರಿಯಾಗಿ 180 ಡಿಗ್ರಿಯನ್ನು ಬೇಕೆಂದೇ ತಪ್ಪಿಸುವುದಕ್ಕೆ ಒಳ್ಳೆಯ ಕಾರಣವಿದೆ. ಮಂಗಳನ ಕಕ್ಷೆ ಭೂಮಿಯ ಕಕ್ಷೆಗೆ 1.85 ಡಿಗ್ರಿಯಷ್ಟು ಓರೆಯಾಗಿದೆ. ಅಂಕಿ ಚಿಕ್ಕದಾಗಿ ಕಂಡರೂ, ಈ ಓರೆಯಿಂದ ಮಂಗಳ ನಮ್ಮ ಕಕ್ಷೆಯ ಮಟ್ಟಕ್ಕಿಂತ 70 ಲಕ್ಷ ಕಿ.ಮೀ. ಆಸುಪಾಸಿನಷ್ಟು ಮೇಲೆ ಅಥವಾ ಕೆಳಗೆ ಇರಬಲ್ಲದು. ನೌಕೆಯ ಹಾದಿ ಯಾವಾಗಲೂ ಸೂರ್ಯ, ಹೊರಟ ಜಾಗ, ಮುಟ್ಟುವ ಜಾಗ ಈ ಮೂರನ್ನೂ ಒಳಗೊಂಡ ಒಂದು ಸಮತಲದಲ್ಲಿಯೇ ಇರಬೇಕು. ಮುಟ್ಟುವ ಜಾಗ ಸೂರ್ಯನ ಆಚೆ ನೆಟ್ಟಗೆ ಎದುರಿಗೆ ಬಂದು, ಕೊಂಚ ಮೇಲೆಯೂ ಇದ್ದರೆ, ಮೂರನ್ನೂ ಹಿಡಿಯುವ ಸಮತಲ ಭೂಮಿಯ ಕಕ್ಷೆಗೆ ಹೆಚ್ಚುಕಡಿಮೆ ಲಂಬವಾಗಿ ಎದ್ದು ನಿಲ್ಲುತ್ತದೆ. ಹಾಗೆ ಸಾಗಬೇಕಾದರೆ ಭೂಮಿ ಕೊಟ್ಟ ವೇಗವೆಲ್ಲ ವ್ಯರ್ಥವಾಗುತ್ತದೆ. ಮುಟ್ಟುವ ಜಾಗವನ್ನು ಆ ನೇರ ಗೆರೆಯಿಂದ ಸಾಕಷ್ಟು ಆಚೀಚೆ ಸರಿಸಿದರೆ ಹಾದಿಯ ಓರೆ ಮತ್ತೆ ಕೆಲವೇ ಡಿಗ್ರಿಗಳಿಗೆ ಇಳಿಯುತ್ತದೆ.

ಹೊರಡುವ ದಿನಾಂಕವನ್ನು ಅಡ್ಡಲಾಗಿಯೂ ಮುಟ್ಟುವ ದಿನಾಂಕವನ್ನು ಲಂಬವಾಗಿಯೂ ಇಟ್ಟು, ಪ್ರತಿಯೊಂದು ಜೋಡಿಗೆ ಬೇಕಾಗುವ ಶಕ್ತಿಯನ್ನು ಸಮರೇಖೆಗಳಲ್ಲಿ ಬರೆದ ನಕ್ಷೆಯನ್ನು ಯೋಜಕರು ಬಳಸುತ್ತಾರೆ. ಅದರಲ್ಲಿ ಎರಡು ತಗ್ಗುಗಳು, ಅವುಗಳ ನಡುವೆ ಕಡಿದಾದ ಒಂದು ಏಣು ಎದ್ದು ಕಾಣುತ್ತವೆ. ಆ ಏಣೇ 180 ಡಿಗ್ರಿಯ ಜಾಗ. ತಗ್ಗುಗಳೇ ಎರಡು ಬಗೆಯ ಹಾದಿಗಳು. ತಗ್ಗಿನ ಅಂಚಿನಲ್ಲಿ ಯಾವ ಗೆರೆಯವರೆಗೆ ನಿಮ್ಮ ರಾಕೆಟ್ಟು ಏರಬಲ್ಲದೋ ಅಲ್ಲಿಯವರೆಗಿನ ದಿನಗಳೇ ನಿಮ್ಮ ಉಡಾವಣಾ ಅವಧಿ. ರಾಕೆಟ್ಟು ಬಲವಾಗಿದ್ದರೆ ಅವಧಿ ಹಿಗ್ಗುತ್ತದೆ, ನೌಕೆ ಭಾರವಾದಷ್ಟು ಕುಗ್ಗುತ್ತದೆ. ಅವಧಿ ಎಂಬುದು ಆಕಾಶದಲ್ಲಿ ಮಾತ್ರ ಬರೆದಿಟ್ಟದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ.

ನವೆಂಬರ್ 5ಕ್ಕೆ ಹಾರಿದ ನೌಕೆ ಡಿಸೆಂಬರ್ 1ರವರೆಗೆ ಭೂಮಿಯನ್ನೇ ಸುತ್ತುತ್ತ ಕುಳಿತದ್ದೇಕೆ? ಅವಧಿ ಮೀರುತ್ತಿರಲಿಲ್ಲವೇ?

ಪಿಎಸ್ಎಲ್‌ವಿ ರಾಕೆಟ್ಟಿಗೆ 1337 ಕೆ.ಜಿ. ತೂಕದ ಆ ನೌಕೆಯನ್ನು ನೇರವಾಗಿ ಮಂಗಳನ ಹಾದಿಗೆ ಎಸೆಯುವ ಶಕ್ತಿ ಇರಲಿಲ್ಲ. ಅದು ನೌಕೆಯನ್ನು ಭೂಮಿಯಿಂದ ಸುಮಾರು 250 ಕಿ.ಮೀ. ಸಮೀಪಕ್ಕೆ ಬಂದು 23,500 ಕಿ.ಮೀ. ದೂರ ಹೋಗುವ ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಅನಂತರ ನೌಕೆಯದೇ 440 ನ್ಯೂಟನ್ ಬಲದ ಸಣ್ಣ ಎಂಜಿನ್ನನ್ನು, ಪ್ರತಿ ಸಲ ಭೂಮಿಗೆ ಸಮೀಪದ ಬಿಂದುವಿನಲ್ಲಿ ಉರಿಸಿ, ಕಕ್ಷೆಯ ಹೊರತುದಿಯನ್ನು ಹಂತಹಂತವಾಗಿ ಚಾಚುತ್ತ ಹೋದರು. ನವೆಂಬರ್ 16ರ ಹೊತ್ತಿಗೆ ಆ ತುದಿ ಸುಮಾರು 1,92,900 ಕಿ.ಮೀ. ದೂರ ತಲುಪಿತ್ತು.

ಈ ಇಪ್ಪತ್ತಾರು ದಿನ ನೌಕೆ ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತುತ್ತಿದ್ದುದರಿಂದ, ಮಂಗಳನ ಲೆಕ್ಕದಲ್ಲಿ ಅದು ಇನ್ನೂ ಹೊರಟೇ ಇರಲಿಲ್ಲ. ಗ್ರಹಗಳ ಕೋನ ಕಟ್ಟಿಹಾಕಿದ್ದು ಭೂಮಿಯನ್ನು ಬಿಡುವ ದಿನವನ್ನು, ಶ್ರೀಹರಿಕೋಟಾದಿಂದ ಏಳುವ ದಿನವನ್ನಲ್ಲ. ಡಿಸೆಂಬರ್ 1ರ ನಸುಕಿನಲ್ಲಿ, 12 ಗಂಟೆ 49 ನಿಮಿಷಕ್ಕೆ, ಎಂಜಿನ್ನು ಸುಮಾರು 22 ನಿಮಿಷ ಉರಿದು ಸೆಕೆಂಡಿಗೆ 648 ಮೀಟರ್ ವೇಗ ಕೂಡಿಸಿತು. ಆಗ ನೌಕೆ ಭೂಮಿಯ ಹಿಡಿತ ಬಿಟ್ಟಿತು.

ಹೀಗೆ ಮೊದಲೇ ಮೇಲೆ ಹೋಗಿ ಕಾಯುವುದರಲ್ಲಿ ಇನ್ನೊಂದು ಲಾಭವಿತ್ತು. ನವೆಂಬರ್ 11ರಂದು ಕಕ್ಷೆಯ ತುದಿಯನ್ನು ಸುಮಾರು ಒಂದು ಲಕ್ಷ ಕಿ.ಮೀ.ಗೆ ಏರಿಸಬೇಕಿತ್ತು, ಆದರೆ ಎಂಜಿನ್ನಿಗೆ ಸಾಕಷ್ಟು ದ್ರವ ಹರಿಯದೆ ಅದು 78,276 ಕಿ.ಮೀ.ಗೇ ನಿಂತಿತು. ಮರುದಿನ ಮತ್ತೊಮ್ಮೆ ಎಂಜಿನ್ ಉರಿಸಿ ಕೊರತೆ ತುಂಬಿದರು. ಕೈಯಲ್ಲಿ ಹೆಚ್ಚುವರಿ ದಿನಗಳಿದ್ದುದರಿಂದ ಡಿಸೆಂಬರ್ 1ರ ಗಡುವಿಗೆ ಧಕ್ಕೆಯಾಗಲಿಲ್ಲ.

ದಿನ ಸರಿ, ಆದರೆ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೇ ಯಾಕೆ?

ಒಮ್ಮೆ ಬಾಹ್ಯಾಕಾಶದಲ್ಲಿ ಇಟ್ಟ ಉದ್ದನೆಯ ಕಕ್ಷೆ ಭೂಮಿಯ ಜೊತೆಗೆ ತಿರುಗುವುದಿಲ್ಲ. ನಕ್ಷತ್ರಗಳ ಹಿನ್ನೆಲೆಯಲ್ಲಿ ಅದರ ದಿಕ್ಕು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಡಿಸೆಂಬರ್ 1ರ ಕೊನೆಯ ಉರಿತ ನೌಕೆಯನ್ನು ಭೂಮಿ ಓಡುವ ದಿಕ್ಕಿಗೆ ಸರಿಯಾಗಿ ಎಸೆಯಬೇಕಾದರೆ, ಆ ಕಕ್ಷೆಯ ಸಮೀಪ ಬಿಂದು ಭೂಮಿಯ ಯಾವ ಮಗ್ಗುಲಲ್ಲಿ ಇರಬೇಕು ಎಂಬುದು ನವೆಂಬರ್ 5ರಂದೇ ನಿಶ್ಚಯವಾಗಿರಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ ಉಡಾವಣೆ ತಡವಾದಷ್ಟು ಕಕ್ಷೆಯ ದಿಕ್ಕು ತಪ್ಪುತ್ತ ಹೋಗುತ್ತದೆ. ಆದ್ದರಿಂದ ದಿನವೊಂದಕ್ಕೆ ಸಿಕ್ಕಿದ್ದು ಕೆಲವೇ ನಿಮಿಷ.

ಆ ಬಿಂದುವನ್ನು ಬೇಕಾದ ಜಾಗಕ್ಕೆ ತರಲು ಪಿಎಸ್ಎಲ್‌ವಿಯ ಮೂರನೆಯ ಹಂತ ಮುಗಿದ ಮೇಲೆ ನಾಲ್ಕನೆಯ ಹಂತವನ್ನು ಕೂಡಲೇ ಹೊತ್ತಿಸದೆ, ಸುಮಾರು 25 ನಿಮಿಷ ಸುಮ್ಮನೆ ತೇಲಲು ಬಿಡಬೇಕಾಯಿತು. ಅಷ್ಟರಲ್ಲಿ ಅದು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಹೋಗಿರುತ್ತಿತ್ತು. ಅಲ್ಲಿ ಸಂಕೇತ ಹಿಡಿಯಲು ನೆಲವೇ ಇಲ್ಲ. ನಳಂದಾ ಮತ್ತು ಯಮುನಾ ಎಂಬ ಎರಡು ಹಡಗುಗಳ ಮೇಲೆ ಆಂಟೆನಾ ಇಟ್ಟು ಕಳಿಸಿದರು. ಕೆಟ್ಟ ಹವೆಯಿಂದ ಹಡಗು ತಡವಾಯಿತು, ಅಕ್ಟೋಬರ್ 28ಕ್ಕೆ ಇದ್ದ ಉಡಾವಣೆ ನವೆಂಬರ್ 5ಕ್ಕೆ ಸರಿಯಿತು. ಅವಧಿ ನವೆಂಬರ್ 19ರವರೆಗೆ ಇದ್ದುದರಿಂದ ಒಂದು ವಾರ ಬಿಟ್ಟುಕೊಡಲು ಬಂತು.

## ಇನ್ನೂ ಆಳಕ್ಕೆ

ಇಂಧನ ಜಾಸ್ತಿ ತುಂಬಿದರೆ ಯಾವ ದಿನ ಬೇಕಾದರೂ ಹೋಗಬಹುದಲ್ಲ?

ತಾತ್ತ್ವಿಕವಾಗಿ ಹೌದು, ವ್ಯವಹಾರದಲ್ಲಿ ಇಲ್ಲ. ಭೂಮಿಯ ಹತ್ತಿರದ ಕಕ್ಷೆಯಲ್ಲಿ 1000 ಕೆ.ಜಿ. ತೂಕದ ನೌಕೆ ಇದೆ, ಅದರ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ 3.1 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ ಎಂದುಕೊಳ್ಳಿ. ಒಳ್ಳೆಯ ದಿನ ಅಲ್ಲಿಂದ ಮಂಗಳನ ಹಾದಿ ಹಿಡಿಯಲು ಸೆಕೆಂಡಿಗೆ ಸುಮಾರು 3.6 ಕಿ.ಮೀ. ವೇಗ ಕೂಡಿಸಬೇಕು; ರಾಕೆಟ್ ಸಮೀಕರಣದ ಪ್ರಕಾರ ಇಂಧನ ಸುಟ್ಟು ಉಳಿಯುವುದು ಸುಮಾರು 313 ಕೆ.ಜಿ. ಕೆಟ್ಟ ದಿನ ಅದೇ ಕೆಲಸಕ್ಕೆ 6 ಕಿ.ಮೀ. ಬೇಕಾಯಿತು ಎಂದರೆ ಉಳಿಯುವುದು 144 ಕೆ.ಜಿ. ಮಾತ್ರ. ಈ ಉಳಿದದ್ದರಲ್ಲಿಯೇ ಟ್ಯಾಂಕು, ಎಂಜಿನ್ನು, ಸೌರಫಲಕ, ಉಪಕರಣಗಳೆಲ್ಲ ಸೇರಬೇಕು. ವೇಗ ಎರಡು ಪಟ್ಟು ಆಗುವ ಮೊದಲೇ ಉಪಕರಣಗಳಿಗೆ ಜಾಗ ಇಲ್ಲವಾಗುತ್ತದೆ.

ಮುಟ್ಟುವ ಕಡೆಯ ಲೆಕ್ಕವನ್ನೂ ಮರೆಯಬಾರದು. ಹೊರಡುವಾಗ ಹೆಚ್ಚು ವೇಗ ಪಡೆದ ನೌಕೆ ಸಾಮಾನ್ಯವಾಗಿ ಮಂಗಳನ ಹತ್ತಿರವೂ ಹೆಚ್ಚು ವೇಗದಲ್ಲಿ ಬರುತ್ತದೆ, ಅದನ್ನು ತಡೆದು ನಿಲ್ಲಿಸುವುದಕ್ಕೂ ಇಂಧನ ಬೇಕು. ಮಂಗಳಯಾನ ಒಳ್ಳೆಯ ಹಾದಿಯಲ್ಲಿ ಬಂದರೂ ಮಂಗಳನ ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 1.1 ಕಿ.ಮೀ. ವೇಗ ಕಳೆದುಕೊಳ್ಳಬೇಕಾಯಿತು, ಅದಕ್ಕಾಗಿ ಎಂಜಿನ್ನು 23 ನಿಮಿಷಗಳಿಗಿಂತ ಹೆಚ್ಚು ಕಾಲ ಉರಿಯಿತು.

ಅವಧಿ ತಪ್ಪಿಹೋದರೆ ಏನು ಮಾಡುತ್ತಾರೆ?

ಕಾಯುತ್ತಾರೆ. ನಾಸಾದ ಇನ್‌ಸೈಟ್ ನೌಕೆ 2016ರ ಮಾರ್ಚ್‌ನಲ್ಲಿ ಹೊರಡಬೇಕಿತ್ತು. ಅದರ ಭೂಕಂಪಮಾಪಕದ ಸೂಕ್ಷ್ಮ ಭಾಗಗಳನ್ನು ನಿರ್ವಾತದಲ್ಲಿ ಇಡಬೇಕಾದ ಗೋಳದಲ್ಲಿ ಸಣ್ಣ ಸೋರಿಕೆ ಕಂಡಿತು. ದುರಸ್ತಿಗೆ ಕೆಲವು ತಿಂಗಳು ಸಾಕಾಗಿದ್ದರೂ ಗ್ರಹಗಳು ಅಷ್ಟಕ್ಕೆ ನಿಲ್ಲುವುದಿಲ್ಲ. ನೌಕೆ ಹೊರಟದ್ದು 2018ರ ಮೇ 5ಕ್ಕೆ. ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2020ರ ಅವಧಿಯನ್ನೂ 2022ರ ಅವಧಿಯನ್ನೂ ಕಳೆದುಕೊಂಡು ಈಗ 2028ಕ್ಕೆ ಕಾಯುತ್ತಿದೆ.

ಇದರ ಇನ್ನೊಂದು ಮುಖವೆಂದರೆ ಎಲ್ಲರೂ ಒಂದೇ ಕಾಲಕ್ಕೆ ಹೊರಡುವುದು. 2020ರ ಜುಲೈನಲ್ಲಿ ಯುಎಇ, ಚೀನಾ, ಅಮೆರಿಕ ಮೂರೂ ಎರಡೇ ವಾರಗಳೊಳಗೆ ನೌಕೆ ಹಾರಿಸಿದಾಗ ಹಲವರು ಇದನ್ನು ಪೈಪೋಟಿ ಎಂದರು. ಪೈಪೋಟಿ ಇದ್ದಿರಲೂಬಹುದು, ಆದರೆ ದಿನಾಂಕಗಳನ್ನು ಕೊಟ್ಟದ್ದು ಕಕ್ಷೆಗಳು.

ಅವಧಿಯ ಹೊರಗೂ ಮಂಗಳನಿಗೆ ನೌಕೆ ಹಾರಿಸಿದ್ದಾರೆಂದು ಓದಿದೆ, ಅದು ಹೇಗೆ?

ನೀವು ಓದಿದ್ದು 2025ರ ನವೆಂಬರ್ 13ರಂದು ಹಾರಿದ ಎಸ್ಕಪೇಡ್ ಎಂಬ ಅವಳಿ ನೌಕೆಗಳ ವಿಷಯವಿರಬೇಕು. ಅವು ಹಾರಿದ್ದು ಅವಧಿಯ ಹೊರಗೆ, ಆದರೆ ಮಂಗಳನಿಗೆ ಹೊರಡಬೇಕಾದದ್ದು ಅವಧಿಯೊಳಗೇ. ಭೂಮಿಯಿಂದ ಸೂರ್ಯನ ವಿರುದ್ಧ ದಿಕ್ಕಿಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿರುವ ಒಂದು ಸಮತೋಲ ಬಿಂದುವಿನ ಸುತ್ತಮುತ್ತ ಒಂದು ವರ್ಷ ಅಲೆದು, 2026ರ ನವೆಂಬರ್‌ನಲ್ಲಿ ಭೂಮಿಯ ಪಕ್ಕ ಹಾಯ್ದು, ಅಲ್ಲಿಂದ ಮಂಗಳನ ಹಾದಿ ಹಿಡಿಯುವುದು ಅವುಗಳ ಯೋಜನೆ. ಮಂಗಳಯಾನ 26 ದಿನ ಮಾಡಿದ್ದನ್ನೇ ಇವು ಒಂದು ವರ್ಷ ಮಾಡುತ್ತವೆ ಎನ್ನಬಹುದು. ಇದಕ್ಕೆ ಬೆಲೆಯೂ ಇದೆ: ಉಪಕರಣಗಳು ಅಷ್ಟು ಕಾಲ ಹೆಚ್ಚಿಗೆ ವಿಕಿರಣದಲ್ಲಿ ಇರಬೇಕಾಗುತ್ತದೆ.

ಮನುಷ್ಯರು ಹೋದರೆ ಬೇಕೆಂದಾಗ ಮರಳಿ ಬರಬಹುದೇ?

ಬರುವುದಕ್ಕೂ ಅವಧಿ ಬೇಕು, ಅದು ಹೋಗುವ ಅವಧಿಯಲ್ಲ. ಮೇಲಿನ ಸರಳ ಲೆಕ್ಕವನ್ನೇ ಮುಂದುವರಿಸೋಣ. ನೌಕೆ 259 ದಿನಗಳಲ್ಲಿ ಅರ್ಧ ಸುತ್ತು ಮುಗಿಸಿ ಮಂಗಳನನ್ನು ಮುಟ್ಟುವ ಹೊತ್ತಿಗೆ ಭೂಮಿ 255 ಡಿಗ್ರಿ ನಡೆದು, ಮಂಗಳಕ್ಕಿಂತ 75 ಡಿಗ್ರಿ ಮುಂದೆ ಹೋಗಿರುತ್ತದೆ. ಮರಳುವ ಹಾದಿಯೂ 259 ದಿನಗಳದ್ದೇ. ಆ ದಿನಗಳಲ್ಲಿ ಭೂಮಿ ಮತ್ತೆ 255 ಡಿಗ್ರಿ ನಡೆಯುವುದರಿಂದ, ಮಂಗಳನನ್ನು ಬಿಡುವಾಗ ಭೂಮಿ 75 ಡಿಗ್ರಿ ಹಿಂದಿರಬೇಕು. 75 ಡಿಗ್ರಿ ಮುಂದಿರುವ ಭೂಮಿ 75 ಡಿಗ್ರಿ ಹಿಂದೆ ಬರಬೇಕಾದರೆ ಅದು ಇನ್ನೂ 210 ಡಿಗ್ರಿ ಮುಂದಕ್ಕೆ ಸರಿದು ಸುತ್ತಿಕೊಂಡು ಬರಬೇಕು. ದಿನಕ್ಕೆ 0.462 ಡಿಗ್ರಿಯಂತೆ ಅದಕ್ಕೆ ಸುಮಾರು 454 ದಿನ ಹಿಡಿಯುತ್ತದೆ.

ಹೋಗುವುದು 259, ಕಾಯುವುದು 454, ಬರುವುದು 259: ಒಟ್ಟು 972 ದಿನ, ಎರಡು ವರ್ಷ ಎಂಟು ತಿಂಗಳು. ಹೆಚ್ಚು ಇಂಧನ ಸುಟ್ಟು ಹೋಗಿ ಬರುವ ಪ್ರಯಾಣಗಳನ್ನು ಆರಾರು ತಿಂಗಳಿಗೆ ಇಳಿಸಿದರೆ, ಉಳಿಸಿದ ದಿನಗಳಲ್ಲಿ ಬಹುಪಾಲು ಮಂಗಳನ ಮೇಲೆ ಕಾಯುವ ದಿನಗಳಿಗೇ ಸೇರಿಕೊಳ್ಳುತ್ತವೆ. ಅಲ್ಲಿ ಯಾರಾದರೂ ಕಾಯಿಲೆ ಬಿದ್ದರೂ, ಯಂತ್ರ ಕೆಟ್ಟರೂ, ಭೂಮಿ ತಕ್ಕ ಕೋನಕ್ಕೆ ಬರುವವರೆಗೆ ಹೊರಡುವಂತಿಲ್ಲ.